ಮೊದಲು ಯಾವುದು, ಆಮೇಲೆ ಯಾವುದು

ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ಅದರ ಸರ್ವರ್ ಪ್ರಯಾಣಿಕರ ಫೋನ್ ನಂಬರನ್ನು `phone` ಎಂಬ ಹೆಸರಿನಲ್ಲಿ ಕಳಿಸುತ್ತದೆ. ಆ ಹೆಸರನ್ನು `mobile` ಎಂದು ಬದಲಿಸಬೇಕಾಗಿದೆ. ಸರ್ವರಿನ ಕೋಡ್ ಒಂದು ರೆಪೊಸಿಟರಿಯಲ್ಲಿದೆ, ಆ್ಯಪಿನದು ಇನ್ನೊಂದರಲ್ಲಿ. ಹೀಗಾಗಿ ಎರಡು ಪುಲ್ ರಿಕ್ವೆಸ್ಟ್ ಬೇಕು, ಅಂದರೆ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಎರಡು ಕೋರಿಕೆ. ಸರ್ವರಿನದು ಮೊದಲು ಸೇರಿದರೆ ಆ್ಯಪಿನಲ್ಲಿ ನಂಬರಿನ ಜಾಗ ಖಾಲಿ ಕಾಣುತ್ತದೆ. ಆ್ಯಪಿನದು ಮೊದಲು ಸೇರಿದರೂ ಅಷ್ಟೇ, ಅದು ಹುಡುಕುವ ಹೆಸರು ಸರ್ವರಿನಲ್ಲಿ ಇನ್ನೂ ಹುಟ್ಟಿರುವುದಿಲ್ಲ.

ಎರಡನ್ನೂ ಒಟ್ಟಿಗೇ ಸೇರಿಸಿಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಗಿಟ್‌ನಲ್ಲಿ ಪ್ರತಿ ರೆಪೊಸಿಟರಿಯ ಚರಿತ್ರೆಯೂ ಬೇರೆ ಬೇರೆ. ಒಂದು ಸೇರಿ ಇನ್ನೊಂದು ನಡುವೆ ಸಿಕ್ಕಿಬೀಳುವ ಅಪಾಯ ಇದ್ದೇ ಇರುತ್ತದೆ. ಹಾಗಾಗಿ ‘ಒಟ್ಟಿಗೆ’ ಎಂಬುದನ್ನು ‘ಒಂದಾದ ಮೇಲೊಂದು’ ಎಂದು ಬಿಡಿಸಿಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ನಂಬಿಕೆ.

ಬಿಡಿಸಿದಾಗ ಎರಡರ ಬದಲು ಮೂರು ಕೋರಿಕೆಗಳಾಗುತ್ತವೆ. ಮೊದಲನೆಯದರಿಂದ ಸರ್ವರ್ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಕಳಿಸತೊಡಗುತ್ತದೆ. ಎರಡನೆಯದರಿಂದ ಆ್ಯಪ್ ಹೊಸದನ್ನು ಓದುತ್ತದೆ. ಮೂರನೆಯದು ಸರ್ವರಿನಿಂದ ಹಳೆಯದನ್ನು ತೆಗೆದುಹಾಕುತ್ತದೆ. ಈಗ ಯಾವ ಹಂತದಲ್ಲಿ ನಿಂತರೂ ಏನೂ ಮುರಿಯುವುದಿಲ್ಲ.

ಈ ಕ್ರಮವನ್ನು ನೆನಪಿಡುವವರು ಯಾರು? 2010ರಲ್ಲಿ ರ್‍ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ ಆರಂಭಿಸಿದ ಓಪನ್‌ಸ್ಟ್ಯಾಕ್ ಯೋಜನೆಯ ಕೋಡ್ ಅನೇಕ ರೆಪೊಸಿಟರಿಗಳಲ್ಲಿ ಹರಡಿದೆ. ಅಲ್ಲಿನವರು ಇದಕ್ಕೆಂದೇ ಜೂಲ್ ಎಂಬ ತಂತ್ರಾಂಶ ಕಟ್ಟಿಕೊಂಡರು. ಗಿಟ್‌ಹಬ್‌ ಜೊತೆಗೂ ಅದು ಕೆಲಸ ಮಾಡುತ್ತದೆ. ಆ್ಯಪಿನ ಕೋರಿಕೆಯ ವಿವರಣೆಯಲ್ಲಿ ಒಂದು ಸಾಲು ಬರೆದರಾಯಿತು:

```
Depends-On: https://github.com/example/server/pull/41
```

ಈ ಸಾಲು ಕಂಡೊಡನೆ ಜೂಲ್ 41ನೇ ಕೋರಿಕೆ ಈಗಾಗಲೇ ಸೇರಿದೆ ಎಂಬಂತೆ ಎರಡೂ ಕೋಡ್‌ಗಳನ್ನು ಜೊತೆಗಿಟ್ಟು ಪರೀಕ್ಷಿಸುತ್ತದೆ. 41 ಸೇರುವವರೆಗೆ ಆ್ಯಪಿನದನ್ನು ಸೇರಲು ಬಿಡುವುದಿಲ್ಲ. ಸರದಿಯಲ್ಲಿ 41 ಪರೀಕ್ಷೆಯಲ್ಲಿ ಸೋತರೆ, ಅದನ್ನು ನೆಚ್ಚಿದ್ದೂ ಸರದಿಯಿಂದ ಹೊರಬೀಳುತ್ತದೆ. ಕೋರಿಕೆಗಳು ಒಂದನ್ನೊಂದು ನೆಚ್ಚಿ ಸುತ್ತು ಬಿದ್ದಿದ್ದರೆ, ಸಾಮಾನ್ಯವಾಗಿ ಅದು ಬದಲಾವಣೆಯನ್ನು ಸಾಕಷ್ಟು ಬಿಡಿಸಿಲ್ಲ ಎಂಬುದರ ಸುಳಿವು.

ಆದರೆ ಜೂಲ್‌ಗೆ ಕಾಣುವುದು ಕೋಡ್ ಸೇರಿದ್ದು ಮಾತ್ರ, ಜನರ ಕೈ ಸೇರಿದ್ದಲ್ಲ. ಹೊಸ ಆ್ಯಪ್ ಬಿಡುಗಡೆಯಾಗಿ ತಿಂಗಳಾದರೂ ಎಷ್ಟೋ ಫೋನುಗಳಲ್ಲಿ ಹಳೆಯದೇ ಇರುತ್ತದೆ. ಮೂರನೆಯ ಕೋರಿಕೆಗೆ ಎಲ್ಲ ಪರೀಕ್ಷೆಗಳೂ ಹಸಿರು ತೋರಿಸಿದರೂ, ಹಳೆಯ ಆ್ಯಪಿನಿಂದ ಇನ್ನೂ ಎಷ್ಟು ಜನ ಬರುತ್ತಿದ್ದಾರೆ ಎಂದು ಸರ್ವರಿನ ಲಾಗ್ ನೋಡಿಯೇ ಅದನ್ನು ಸೇರಿಸಬೇಕು.

ಎಲ್ಲವನ್ನೂ ಹಿಂತೆಗೆಯಬೇಕಾಗಿ ಬಂದರೆ ಕ್ರಮ ತಲೆಕೆಳಗಾಗುತ್ತದೆ. ಮೊದಲು ಮೂರನೆಯದು, ಆಮೇಲೆ ಆ್ಯಪಿನದು, ಕೊನೆಗೆ 41. ಹಿಂತೆಗೆತವೂ ಹೊಸ ಕೋರಿಕೆಯೇ. ಹಳೆಯ ಸಾಲು ಅದನ್ನು ಕಾಯುವುದಿಲ್ಲ, ಹೊಸ `Depends-On` ಸಾಲನ್ನು ಎದುರು ದಿಕ್ಕಿನಲ್ಲಿ ಬರೆಯಲೇಬೇಕು.