ಕೆಂಪು ದೀಪ ಮಿಟುಕುತ್ತಿದೆ, ಟಿವಿ ಏಳುತ್ತಿಲ್ಲ

ರಿಮೋಟ್ ಒತ್ತಿದರೆ ಟಿವಿಯ ಕೆಳಗಿನ ಕೆಂಪು ದೀಪ ಮಿಟುಕತೊಡಗುತ್ತದೆ. ಒಳಗಿನಿಂದ ‘ಟಿಕ್’ ಎಂಬ ಸದ್ದು ಬಂದರೂ ಬಂದೀತು. ಪರದೆ ಮಾತ್ರ ಕಪ್ಪಗೇ ಇರುತ್ತದೆ. ರಿಪೇರಿ ಅಂಗಡಿಗೆ ಫೋನ್ ಮಾಡಿ ಇಷ್ಟು ಹೇಳಿದರೆ ಸಾಕು, ‘ಪವರ್ ಬೋರ್ಡ್ ಹೋಗಿರಬೇಕು ಸಾರ್’ ಎಂಬ ಉತ್ತರ ಬರುತ್ತದೆ. ಈ ಊಹೆ ಎಷ್ಟೋ ಸಲ ನಿಜವೇ ಆಗಿರುತ್ತದೆ. ಆದರೆ ಊಹೆಯನ್ನಷ್ಟೇ ನಂಬಿ ಬೋರ್ಡ್ ಬದಲಿಸಿದ ಮೇಲೂ ಟಿವಿ ಮೊದಲಿನಂತೆಯೇ ಮಿಟುಕುವುದುಂಟು. ಅನುಮಾನ ಪವರ್ ಬೋರ್ಡ್ ಮೇಲೆ ಏಕೆ ಬರುತ್ತದೆ, ಅದನ್ನು ಖಚಿತ ಮಾಡಿಕೊಳ್ಳುವುದು ಹೇಗೆ ಎಂದು ತಿಳಿದಿದ್ದರೆ ದುಡ್ಡು ದಂಡವಾಗುವುದು ತಪ್ಪುತ್ತದೆ.

ದೀಪ ಹತ್ತಿದೆ ಎನ್ನುವುದೇ ಮೊದಲ ಸುಳಿವು. ಕರೆಂಟು ಬರುವ ಬಾಗಿಲಲ್ಲೇ ಇರುವ ಫ್ಯೂಸ್ ಸುಟ್ಟಿದ್ದರೆ ಯಾವ ದೀಪವೂ ಹತ್ತುತ್ತಿರಲಿಲ್ಲ. ಹಾಗಾಗಿ ಮನೆಯ ಕರೆಂಟು ಟಿವಿಯ ಒಳಗೆ ತಲುಪಿದೆ, ಪವರ್ ಬೋರ್ಡಿನ ಒಂದು ಭಾಗವಾದರೂ ಕೆಲಸ ಮಾಡುತ್ತಿದೆ ಎಂದಾಯಿತು.

ಹಲವು ಎಲ್‌ಇಡಿ ಟಿವಿಗಳ ಪವರ್ ಬೋರ್ಡಿನಲ್ಲಿ ಎರಡು ವ್ಯವಸ್ಥೆಗಳಿರುತ್ತವೆ. ಒಂದು ಸ್ಟ್ಯಾಂಡ್‌ಬೈ ಸಪ್ಲೈ. ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದ ಅದು ಸಾಮಾನ್ಯವಾಗಿ 5 ವೋಲ್ಟಿನಷ್ಟು ವಿದ್ಯುತ್ ಕೊಡುತ್ತಲೇ ಇರುತ್ತದೆ. ಕೆಂಪು ದೀಪ ಉರಿಯುವುದು, ರಿಮೋಟಿನ ಸಂಕೇತಕ್ಕಾಗಿ ಮೇನ್ ಬೋರ್ಡ್ ಎಚ್ಚರವಾಗಿರುವುದು ಇದರ ಬಲದಿಂದಲೇ. ನಾವು ಆನ್ ಒತ್ತಿದಾಗ ಮೇನ್ ಬೋರ್ಡ್ ಒಂದು ಸಣ್ಣ ತಂತಿಯ ಮೂಲಕ ಪವರ್ ಬೋರ್ಡಿಗೆ ಆಜ್ಞೆ ಕಳಿಸುತ್ತದೆ. ಆಗ ಎರಡನೆಯ ವ್ಯವಸ್ಥೆಯಾದ ಮೇನ್ ಸಪ್ಲೈ ಎದ್ದು 12 ವೋಲ್ಟ್, ಕೆಲವು ಟಿವಿಗಳಲ್ಲಿ 24 ವೋಲ್ಟ್ ಕೂಡ ಕೊಡುತ್ತದೆ. ಪರದೆಯ ಹಿಂದಿನ ಬ್ಯಾಕ್‌ಲೈಟ್ ಹತ್ತುವುದು ಕೊನೆಗೆ.

ಈ ಸರಣಿ ನಡುವೆ ಎಲ್ಲಿ ಕಡಿದರೂ ದೀಪ ಮಿಟುಕಬಹುದು. ಸ್ಟ್ಯಾಂಡ್‌ಬೈ ವೋಲ್ಟೇಜೇ ಕುಸಿದರೆ ಮೇನ್ ಬೋರ್ಡಿನ ಪ್ರೊಸೆಸರ್ ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಜ್ಞೆ ಕೊಟ್ಟರೂ 12 ವೋಲ್ಟ್ ಬಾರದಿದ್ದರೆ ಅದು ತಪ್ಪನ್ನು ಗುರುತಿಸಿ ಟಿವಿಯನ್ನು ಸ್ಟ್ಯಾಂಡ್‌ಬೈಗೆ ತಳ್ಳುತ್ತದೆ. ಬ್ಯಾಕ್‌ಲೈಟ್ ಪಟ್ಟಿಯಲ್ಲಿ ಒಂದು ಎಲ್‌ಇಡಿ ಸುಟ್ಟಿದ್ದರೂ ಕೆಲವು ಟಿವಿಗಳು ಹೀಗೇ ಮಾಡುತ್ತವೆ. ಅಂದರೆ ಆರೋಪಿಗಳು ಮೂವರು: ಪವರ್ ಬೋರ್ಡ್, ಮೇನ್ ಬೋರ್ಡ್, ಬ್ಯಾಕ್‌ಲೈಟ್.

ಕೆಲವು ಕಂಪನಿಗಳ ಟಿವಿಗಳಲ್ಲಿ ದೀಪ ಲೆಕ್ಕವಿಟ್ಟು ಮಿಟುಕುತ್ತದೆ. ಇಷ್ಟು ಸಲ ಮಿಟುಕಿ, ಸ್ವಲ್ಪ ಬಿಡುವು ಕೊಟ್ಟು, ಮತ್ತೆ ಅಷ್ಟೇ ಸಲ. ಈ ಸಂಖ್ಯೆ ದೋಷದ ಜಾಗವನ್ನು ಸೂಚಿಸುತ್ತದೆ. ಆದರೆ ಒಂದು ಮಾದರಿಯಲ್ಲಿ ಆರು ಮಿಟುಕಿಗೆ ಇರುವ ಅರ್ಥ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಂಡು ಮಾದರಿ ಸಂಖ್ಯೆಯ ಜೊತೆ ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಎಕ್ಸ್‌ಟೆನ್ಷನ್ ಬಾಕ್ಸ್, ಸ್ಟೆಬಿಲೈಸರ್ ಬಿಟ್ಟು ಪ್ಲಗ್ಗನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಸೆಟ್‌ಟಾಪ್ ಬಾಕ್ಸ್, ಪೆನ್‌ಡ್ರೈವ್ ಎಲ್ಲವನ್ನೂ ಕಳಚಿ. ಹಾಳಾದ ಪೆನ್‌ಡ್ರೈವ್ ಒಂದೇ ಟಿವಿಯನ್ನು ತಡೆಹಿಡಿಯಬಲ್ಲದು. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ, ರಿಮೋಟಿನ ಬದಲು ಟಿವಿಯ ಮೇಲಿರುವ ಬಟನ್ ಒತ್ತಿ. ಧ್ವನಿ ಬಂದು ಚಿತ್ರ ಮಾತ್ರ ಬಾರದಿದ್ದರೆ ಕೋಣೆ ಕತ್ತಲೆ ಮಾಡಿ ಪರದೆಗೆ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ತಪ್ಪು ಬ್ಯಾಕ್‌ಲೈಟಿನದು ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗದ್ದು.

ಕೆಟ್ಟ ರೀತಿಯೂ ಕಥೆ ಹೇಳುತ್ತದೆ. ಎಂಟು ವರ್ಷ ಹಳೆಯ 32 ಇಂಚಿನ ಟಿವಿಯೊಂದನ್ನು ತೆಗೆದುಕೊಳ್ಳಿ. ಕೆಲವು ತಿಂಗಳಿಂದ ಬೆಳಗ್ಗೆ ಆನ್ ಮಾಡಿದರೆ ತಕ್ಷಣ ಏಳುತ್ತಿರಲಿಲ್ಲ. ದೀಪ ಎರಡು ಮೂರು ಸಲ ಮಿಟುಕಿದ ಮೇಲೆ ಚಿತ್ರ ಬರುತ್ತಿತ್ತು. ಆ ಕಾಯುವಿಕೆ ನಿಮಿಷಕ್ಕೆ ಬೆಳೆಯಿತು, ಕಾಲು ಗಂಟೆಯಾಯಿತು. ಒಂದು ದಿನ ಏಳಲೇ ಇಲ್ಲ. ಹೀಗೆ ಮೆಲ್ಲಮೆಲ್ಲಗೆ ಕೆಡುವುದು, ಬಿಸಿಯಾದ ಮೇಲೆ ಸರಿಹೋಗುವುದು, ಸಪ್ಲೈಯಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಸೊರಗಿದ ಲಕ್ಷಣ. ಅದರೊಳಗಿನ ದ್ರವ ಶಾಖಕ್ಕೆ ಒಣಗುತ್ತಾ ಹೋಗುತ್ತದೆ. ತಣ್ಣಗಿದ್ದಾಗ ಅದರ ಶಕ್ತಿ ಇನ್ನೂ ಕಡಿಮೆ. ಗುಡುಗು ಸಿಡಿಲಿನ ರಾತ್ರಿಯ ನಂತರ ಇದ್ದಕ್ಕಿದ್ದಂತೆ ಕೆಟ್ಟ ಟಿವಿಯಲ್ಲಾದರೆ ಅನುಮಾನ ಬೇರೆ ಕಡೆಗೂ ಹೋಗಬೇಕಾಗುತ್ತದೆ. ಕೇಬಲ್ ಮೂಲಕ ಬಂದ ಹೊಡೆತ ಮೇನ್ ಬೋರ್ಡನ್ನೇ ಸುಟ್ಟಿರಬಹುದು.

ಆ 32 ಇಂಚಿನ ಟಿವಿಯ ಹಿಂಬದಿ ಬಿಚ್ಚಿದ ಮೆಕ್ಯಾನಿಕ್ ಮೊದಲು ಮಾಡುವುದು ಕಣ್ಣಿನ ಪರೀಕ್ಷೆ. ಕೆಪಾಸಿಟರಿನ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಅದು ಮುಗಿದ ಹಾಗೆ. ಉಬ್ಬಿಲ್ಲವೆಂದ ಮಾತ್ರಕ್ಕೆ ಚೆನ್ನಾಗಿದೆ ಎನ್ನುವಂತಿಲ್ಲ, ಅದಕ್ಕೇ ಮುಂದೆ ಮೀಟರ್ ಬೇಕು. ಮೇನ್ ಬೋರ್ಡಿನ ಕೇಬಲ್ ಕಳಚಿ ಅಳೆದಾಗ ಸ್ಟ್ಯಾಂಡ್‌ಬೈ 5.1 ವೋಲ್ಟ್ ತೋರಿಸಿತು. ಇಲ್ಲಿಗೇ ನಿಲ್ಲಿಸಿದವರು ಪವರ್ ಬೋರ್ಡಿನದೇನೂ ತಪ್ಪಿಲ್ಲ ಎನ್ನುತ್ತಾರೆ. ಆದರೆ ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ನೀರಿನ ಒತ್ತಡ ಸರಿಯಾಗಿಯೇ ಕಾಣುತ್ತದೆ. ತಿರುಗಿಸಿದಾಗಲೇ ಹನಿಯುವುದು ಗೊತ್ತಾಗುವುದು. ಕೇಬಲ್ ಮತ್ತೆ ಹಾಕಿ ಆನ್ ಒತ್ತಿದಾಗ ಅದೇ 5.1 ವೋಲ್ಟ್ 3.7ಕ್ಕೆ ಜಾರಿತು, ಮೇಲೆದ್ದಿತು, ಮತ್ತೆ ಜಾರಿತು. ದೀಪ ಮಿಟುಕುತ್ತಿದ್ದುದು ಇದೇ ಲಯದಲ್ಲಿ. ಸ್ಟ್ಯಾಂಡ್‌ಬೈ ಸಾಲಿನಲ್ಲಿದ್ದ 1000 ಮೈಕ್ರೊಫ್ಯಾರಡ್, 10 ವೋಲ್ಟಿನ ಕೆಪಾಸಿಟರ್ ತೆಗೆದು, ಅಷ್ಟೇ ಮೈಕ್ರೊಫ್ಯಾರಡ್ಡಿನ, 16 ವೋಲ್ಟಿನ, 105 ಡಿಗ್ರಿ ತಡೆಯುವ ಹೊಸದನ್ನು ಹಾಕಿದ ಮೇಲೆ ವೋಲ್ಟೇಜ್ ಅಲುಗಲಿಲ್ಲ. 12 ವೋಲ್ಟ್ ಬಂತು, ಚಿತ್ರವೂ ಬಂತು.

ಜಾರಿದ್ದು ಕಂಡಾಗಲೂ ಒಂದು ಪ್ರಶ್ನೆ ಉಳಿದಿರುತ್ತದೆ: ಪವರ್ ಬೋರ್ಡ್ ಸೊರಗಿದೆಯೋ ಅಥವಾ ಮೇನ್ ಬೋರ್ಡಿನಲ್ಲಿ ಶಾರ್ಟ್ ಆಗಿ ಅತಿಯಾಗಿ ಕರೆಂಟ್ ಎಳೆಯುತ್ತಿದೆಯೋ? ಇದಕ್ಕಾಗಿ ಅನುಭವಿಗಳು ಮೇನ್ ಬೋರ್ಡನ್ನು ದೂರವಿಟ್ಟು, ಪವರ್ ಬೋರ್ಡಿಗೆ ಆಜ್ಞೆಯ ವೋಲ್ಟೇಜನ್ನು ತಾವೇ ಕೊಟ್ಟು, ಔಟ್‌ಪುಟ್ಟಿಗೆ ಸಣ್ಣ ಬಲ್ಬೊಂದನ್ನು ಭಾರವಾಗಿ ಕಟ್ಟಿ ನೋಡುತ್ತಾರೆ. ಬಲ್ಬ್ ಸ್ಥಿರವಾಗಿ ಉರಿದು ವೋಲ್ಟೇಜ್ ನಿಂತರೆ ಪವರ್ ಬೋರ್ಡ್ ಬಹುಮಟ್ಟಿಗೆ ನಿರಪರಾಧಿ. ಬ್ಯಾಕ್‌ಲೈಟ್ ಪ್ಲಗ್ ಕಿತ್ತಾಗ ಮಿಟುಕು ನಿಂತು ಧ್ವನಿ ಬಂದರೆ ದೋಷ ಆ ಪಟ್ಟಿಯತ್ತ ಸರಿಯುತ್ತದೆ.

ಮನೆಯವರು ಹಿಂಬದಿ ಬಿಚ್ಚುವ ಸಾಹಸ ಮಾಡಬಾರದು. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಟಿವಿ ನಡೆಯುವಾಗ 300ರಿಂದ 400 ವೋಲ್ಟ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೇ ಉಳಿದಿರಬಹುದು, ಕೆಟ್ಟ ಬೋರ್ಡಿನಲ್ಲಂತೂ ಎಷ್ಟು ಹೊತ್ತು ಉಳಿದೀತು ಎಂದು ಹೇಳಲಾಗದು. ಮುಟ್ಟಿದರೆ ಜೀವಕ್ಕೇ ಅಪಾಯ.

ರಿಪೇರಿಗೆ ಕೊಡುವಾಗ ಎರಡು ಮಾತು ಕೇಳಿ. ‘ಮೇನ್ ಬೋರ್ಡ್ ಜೋಡಿಸಿ, ಆನ್ ಒತ್ತಿದಾಗ ಸ್ಟ್ಯಾಂಡ್‌ಬೈ ಎಷ್ಟಿತ್ತು, 12 ವೋಲ್ಟ್ ಬಂತೇ?’ ಎನ್ನುವುದು ಮೊದಲನೆಯದು. ‘ಕೆಪಾಸಿಟರ್ ಬದಲಿಸಿದರೆ ಆಗದೇ, ಇಡೀ ಬೋರ್ಡೇ ಬೇಕೇ?’ ಎನ್ನುವುದು ಎರಡನೆಯದು. ಕೆಪಾಸಿಟರಿನ ಬೆಲೆ ಕೆಲವೇ ರೂಪಾಯಿ. ಮೆಕ್ಯಾನಿಕ್‌ನ ಕೂಲಿ ಸೇರಿದರೂ ಹೊಸ ಬೋರ್ಡಿಗಿಂತ ಸಾಮಾನ್ಯವಾಗಿ ಅಗ್ಗ. ಬೋರ್ಡೇ ಬೇಕಾದರೆ ಟಿವಿಯ ಮಾದರಿ ಒಂದನ್ನೇ ಹೇಳಿ ತರಿಸಬೇಡಿ. ಒಂದೇ ಮಾದರಿಯ ಟಿವಿಗಳಲ್ಲೂ ಬೇರೆ ಬೇರೆ ಬೋರ್ಡುಗಳಿರುತ್ತವೆ. ಹಳೆಯ ಬೋರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆಗೂ ಹೊಸದರ ಸಂಖ್ಯೆಗೂ ತಾಳೆಯಾಗಬೇಕು. ಚಿಕ್ಕ, ಅಗ್ಗದ ಹಲವು ಟಿವಿಗಳಲ್ಲಿ ಪವರ್ ಮತ್ತು ಮೇನ್ ಎರಡೂ ಒಂದೇ ಬೋರ್ಡಿನಲ್ಲಿರುವುದರಿಂದ, ಅದನ್ನು ಬದಲಿಸಿದರೆ ಪರದೆಗೆ ಹೊಂದುವ ಸಾಫ್ಟ್‌ವೇರ್ ಕೂಡ ಹಾಕಬೇಕಾಗುತ್ತದೆ. ಆ ಖರ್ಚನ್ನೂ ಮೊದಲೇ ಕೇಳಿಕೊಂಡು ಒಪ್ಪಿಗೆ ಕೊಡಿ.