ಪ್ರಶ್ನೆಯ ಗಡಿತಾನ: ದಕ್ಷಿಣ ಬೆಂಗಳೂರಿನ ಆಡುಗನ್ನಡದ ಒಂದು ಜೋಡಿ

ಜಯನಗರ, ಬನಶಂಕರಿಗಳ ಆಡುಗನ್ನಡದಲ್ಲಿ ‘ಅಮ್ಮ ಮನೇಲಿಲ್ಲ’ ಎಂಬುದು ಹೇಳಿಕೆ. ‘ಅಮ್ಮ ಮನೇಲಿಲ್ವಾ’ ಎಂಬುದು ಹೌದು-ಇಲ್ಲ ಪ್ರಶ್ನೆ. ಈ ಜೋಡಿಯಿಂದ ಗಡಿತಾನದ ಕಾರ್ಯವನ್ನು ನಿರ್ಣಯಿಸಲಾಗದು. ಇಲ್ಲಿ ‘-ಆ’ ಪ್ರತ್ಯಯವೇ ಪ್ರಶ್ನೆಯನ್ನು ಸೂಚಿಸುವುದರಿಂದ, ಕೊನೆಯಲ್ಲಿ ಶ್ರುತಿ ಇಳಿದರೂ ವಾಕ್ಯವು ಪ್ರಶ್ನೆಯಾಗಿಯೇ ಉಳಿಯುತ್ತದೆ.

ಆದ್ದರಿಂದ, ಕೇಳಿದ್ದನ್ನು ಅಚ್ಚರಿಯಿಂದ ಖಚಿತಪಡಿಸಿಕೊಳ್ಳುವ, ಪ್ರತ್ಯಯವಿಲ್ಲದ ‘ಅಮ್ಮ ಮನೇಲಿಲ್ಲ?’ ಎಂಬುದನ್ನು ನಾವು ಹೇಳಿಕೆಯೊಡನೆ ಹೋಲಿಸುತ್ತೇವೆ. ಎರಡರಲ್ಲೂ ಧ್ವನಿಗಳು ಒಂದೇ. ಎಲ್ಲವೂ ಘೋಷವಾದ್ದರಿಂದ ಶ್ರುತಿರೇಖೆ ನಡುವೆ ಕಡಿಯುವುದಿಲ್ಲ. ಹೇಳಿಕೆಯ ಕೊನೆಯ ಅಕ್ಷರದಲ್ಲಿ ಶ್ರುತಿ ಇಳಿಯುತ್ತದೆ, ಪ್ರಶ್ನೆಯಲ್ಲಿ ಏರುತ್ತದೆ. ಜಾನೆಟ್ ಪಿಯರ್‌ಹಂಬರ್ಟ್ 1980ರಲ್ಲಿ ಮಂಡಿಸಿದ ಆಟೊಸೆಗ್ಮೆಂಟಲ್-ಮೆಟ್ರಿಕಲ್ ವಿಶ್ಲೇಷಣೆಯ ಸಂಕೇತದಲ್ಲಿ ಇವು L% ಮತ್ತು H%.

ಆದರೆ ಈ ಏರಿಕೆ ಪದದ ಸ್ವರಾಘಾತಕ್ಕೆ ಸೇರಿದ್ದೂ ಆಗಿರಬಹುದು. ಇದನ್ನು ಪರೀಕ್ಷಿಸಲು, ಒತ್ತು ‘ಮನೇಲಿಲ್ಲ’ದ ಮೇಲೆಯೇ ಇರುವಂತೆ ವಾಕ್ಯವನ್ನು ‘ಅಮ್ಮ ಮನೇಲಿಲ್ಲ ಅಂದ್ರು?’ ಎಂದು ಬೆಳೆಸಬೇಕು. ಏರಿಕೆ ‘ಅಂದ್ರು’ವಿನ ಕೊನೆಗೆ ಸರಿದರೆ ಅದು ಗಡಿತಾನ, ‘ಮನೇಲಿಲ್ಲ’ದಲ್ಲೇ ಉಳಿದರೆ ಸ್ವರಾಘಾತ.

ಒಂದು ಮಿತಿಯಿದೆ. ‘ಅಮ್ಮ ಮನೇಲಿಲ್ಲ, ಅಪ್ಪ ಇದಾರೆ’ ಎಂಬಲ್ಲಿ ಮೊದಲ ಭಾಗದ ಕೊನೆಯೂ ಏರಬಹುದು. ಅಲ್ಲಿ ಮಾತು ಇನ್ನೂ ಮುಗಿದಿಲ್ಲವೆಂಬುದಷ್ಟೇ ಅರ್ಥ. ಹೀಗಾಗಿ H% ಅನ್ನು ಪ್ರಶ್ನೆಯೊಡನೆ ನೇರವಾಗಿ ಸಮೀಕರಿಸಲಾಗದು. ಮಾತು ಅಲ್ಲಿಗೇ ಮುಗಿದಿದೆ ಎಂದು ಸಂದರ್ಭದಿಂದ ಖಚಿತವಾದಾಗ ಮಾತ್ರ ಅದು ಹೇಳಿಕೆಯಿಂದ ಪ್ರಶ್ನೆಯನ್ನು ಬೇರ್ಪಡಿಸುತ್ತದೆ.