ಶೆಡ್ಯೂಲ್ ಮಾಡಿದ ಪೋಸ್ಟ್‌ಗೆ ಸುದ್ದಿ ಗೊತ್ತಿರುವುದಿಲ್ಲ

ಸೋದರಮಾವನ ಬಟ್ಟೆ ಅಂಗಡಿಯ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟಗಳನ್ನು ನೋಡಿಕೊಳ್ಳುವವಳು ನಾನೇ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಾಗ, ನಿದ್ದೆಗೆಟ್ಟು ಕೂತು ಐದು ದಿನದ ‘ಗೆಲುವಿನ ಸೇಲ್’ ಪೋಸ್ಟ್‌ಗಳನ್ನು ಶೆಡ್ಯೂಲ್ ಮಾಡಿದ್ದೆ. ಎಲ್ಲ ಬಟ್ಟೆಗೂ ಶೇ 18 ರಿಯಾಯಿತಿ. 4ರ ರಾತ್ರಿ ಎಂಟಕ್ಕೆ ಹೋಗಬೇಕಿದ್ದ ಪೋಸ್ಟ್‌ನಲ್ಲಿ ಹೀಗೆ ಬರೆದಿದ್ದೆ: ‘ಜನ ಮುಗಿಬಿದ್ದಿದ್ದಾರೆ, ನೀವೂ ನುಗ್ಗಿ ಬನ್ನಿ!’

ಆ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ಸತ್ತರು. ಹಾಸ್ಟೆಲ್ ಟಿವಿ ಮುಂದೆ ನಿಂತಿದ್ದವಳಿಗೆ ನನ್ನದೇ ಸಾಲು ನೆನಪಾದಾಗ ಗಂಟೆ ಏಳೂ ಮುಕ್ಕಾಲು.

ಓಡಿಹೋಗಿ ಮೆಟಾ ಬಿಸಿನೆಸ್ ಸೂಟ್‌ನ ಪ್ಲ್ಯಾನರ್ ತೆರೆದೆ. ಅಳಿಸಿದರೆ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ ಎಂದು ಪೋಸ್ಟ್‌ಗಳನ್ನು ಡ್ರಾಫ್ಟ್‌ಗೆ ಸರಿಸಿದೆ. ಮುಗಿಯಿತು ಅಂದುಕೊಂಡೆ. ಎಂಟೂವರೆಗೆ ಮಾವನ ಫೋನ್: ‘ಏನಮ್ಮಾ, ನಮ್ಮ ಜಾಹೀರಾತು ಇನ್ನೂ ಬರ್ತಾ ಇದೆಯಲ್ಲ?’

ಬೆಳಿಗ್ಗೆ ದುಡ್ಡು ಕೊಟ್ಟು ಬೂಸ್ಟ್ ಮಾಡಿದ್ದ ಪೋಸ್ಟ್ ಅದು. ಮುಂದಿನ ಪೋಸ್ಟ್‌ಗಳನ್ನು ತಡೆದರೆ ಓಡುತ್ತಿರುವ ಜಾಹೀರಾತು ನಿಲ್ಲುವುದಿಲ್ಲ. ಅದನ್ನು ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಬೇರೆಯಾಗಿಯೇ ಆಫ್ ಮಾಡಬೇಕು. ಜೊತೆಗೆ ಮರುದಿನ ಬೆಳಿಗ್ಗೆ ಗ್ರಾಹಕರಿಗೆ ಹೋಗಬೇಕಿದ್ದ ಎಸ್‌ಎಂಎಸ್ ಇನ್ನೊಬ್ಬರ ಕೈಯಲ್ಲಿತ್ತು. ಅವರಿಗೂ ಫೋನ್ ಮಾಡಿ ತಡೆದೆವು. ಆಗಲೇ ಹೊರಬಿದ್ದಿದ್ದ ಪೋಸ್ಟ್‌ನ ಬರಹ ತಿದ್ದಬಹುದು, ಚಿತ್ರ ಬದಲಿಸಲಾಗದು. ಹಾಗಾಗಿ ಅದನ್ನು ಆರ್ಕೈವ್ ಮಾಡಿದೆ.

ಸಂತಾಪದ ಪೋಸ್ಟ್ ಹಾಕೋಣ ಎಂದು ಅಂಗಡಿಯ ಲೋಗೊ ಇಟ್ಟು ಒಂದನ್ನು ಮಾಡಿದೆ. ಮಾವ ಬೇಡ ಎಂದರು. ‘ಸತ್ತವರ ಮನೆ ಬಾಗಿಲಿಗೆ ನಮ್ಮ ಬೋರ್ಡ್ ಕಟ್ಟಿದ ಹಾಗಿದೆ.’ ಸುಮ್ಮನಿರುವುದೂ ಒಂದು ಉತ್ತರ ಎಂದು ಅಂದು ತಿಳಿಯಿತು.

ಆದರೆ ಪೂರ್ತಿ ಸುಮ್ಮನಿರಲೂ ಆಗಲಿಲ್ಲ. 7ಕ್ಕೆ ಬಕ್ರೀದ್. ಬಟ್ಟೆಗೆ ಬರುವವರಿಗೆ ಅಂಗಡಿ ತೆರೆದಿದೆಯೇ ಎಂದು ಗೊತ್ತಾಗಬೇಕು. ಹಳದಿ ಕೆಂಪು ಅಬ್ಬರ, ಆಶ್ಚರ್ಯಸೂಚಕ ಎಲ್ಲ ತೆಗೆದು ಒಂದೇ ಸಾಲು ಉಳಿಸಿದೆ: ‘ಅಂಗಡಿ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ.’ ರಿಯಾಯಿತಿಯ ಮಾತು ನಂಬಿ ಬಂದವರಿಗೆ ಅದನ್ನು ಕೊಟ್ಟೆವು, ಪ್ರಚಾರ ಮಾತ್ರ ಮಾಡಲಿಲ್ಲ.

ಸರ್ಕಾರಿ ಶೋಕಾಚರಣೆಗೆ ಕೊನೆಯ ದಿನಾಂಕ ಇರುತ್ತದೆ. 2024ರ ಡಿಸೆಂಬರ್ 26ರಂದು ಮನಮೋಹನ್ ಸಿಂಗ್ ತೀರಿಕೊಂಡಾಗ ಏಳು ದಿನ ಎಂದು ಘೋಷಣೆಯಾಗಿತ್ತು. ವರ್ಷಾಂತ್ಯದ ಸೇಲ್ ಇಟ್ಟಿದ್ದವರಿಗೆ ಲೆಕ್ಕ ಸಿಕ್ಕಿತ್ತು. ಕಾಲ್ತುಳಿತದಂಥ ದುರಂತಕ್ಕೆ ಹಾಗೆ ಯಾರೂ ದಿನ ಹೇಳುವುದಿಲ್ಲ. ನಾವು ಮುಂದಿನ ವಾರ ಮತ್ತೆ ಶುರುಮಾಡಿದೆವು, ‘ಗೆಲುವು’ ಎಂಬ ಹೆಸರು ಬಿಟ್ಟು.

ಈಗ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ. ಪ್ಲ್ಯಾನರ್, ಬೂಸ್ಟ್, ಎಸ್‌ಎಂಎಸ್: ಮೂರನ್ನೂ ನಿಲ್ಲಿಸುವುದು ಹೇಗೆ, ಯಾರಿಗೆ ಫೋನ್ ಮಾಡಬೇಕು ಎಂದು ಅದರಲ್ಲಿದೆ. ನಾನು ಪರೀಕ್ಷೆಯಲ್ಲಿ ಕೂತಿದ್ದರೂ ಮಾವನೇ ನಿಲ್ಲಿಸಬಹುದು. ‘ನುಗ್ಗಿ ಬನ್ನಿ’ ಎಂದು ಮಾತ್ರ ಆಮೇಲೆ ನಾನು ಬರೆದಿಲ್ಲ.